ಕರಾರು ಪತ್ರ: ಕಲಮುಗಳ ವಿಂಗಡಣೆ ಮತ್ತು ಪದವಿವರಣೆಯ ಕೋಷ್ಟಕ

ವಿಜಯಪುರ ಜಿಲ್ಲೆಯ ತಿಕೋಟಾ ಹಾಗೂ ಬಬಲೇಶ್ವರ ಭಾಗದಲ್ಲಿ ಪ್ರತಿವರ್ಷ ದ್ರಾಕ್ಷಿ ಕಟಾವಿನ ಹಂಗಾಮು ಬಂದೊಡನೆ ಒಣದ್ರಾಕ್ಷಿಯ ಶೆಡ್ಡುಗಳು ಜೀವ ತಳೆಯುತ್ತವೆ. ಹಣ್ಣನ್ನು ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟಿನ ದ್ರಾವಣದಲ್ಲಿ ಅದ್ದಿ, ಜಾಲರಿಯ ಅಂತಸ್ತುಗಳ ಮೇಲೆ ಎರಡು ಮೂರು ವಾರಗಳ ಕಾಲ ನೆರಳಿನಲ್ಲಿ ಒಣಗಿಸಿ, ಆರಿಸಿ, ಪೆಟ್ಟಿಗೆಗೆ ತುಂಬಿ ಶೀತಲಗೃಹಕ್ಕೆ ಸಾಗಿಸಲಾಗುತ್ತದೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ ದೊರೆಯುತ್ತದೆ. ಇಷ್ಟು ಶ್ರಮದಿಂದ ಸಿದ್ಧವಾದ ಸರಕು ಕೈಬದಲಾಗುವಾಗ ಅದರ ಹಿಂದೆ ಇರುವ ಕಾಗದ ಯಾವ ಸ್ಥಿತಿಯಲ್ಲಿರುತ್ತದೆ ಎಂಬುದು ಈ ಲೇಖನದ ವಿಷಯ.

ಸಣ್ಣ ವ್ಯವಹಾರಗಳು ಮಾತಿನ ಮೇಲೆಯೇ ನಡೆಯುತ್ತವೆ, ಅದಕ್ಕೆ ಯಾರದೂ ಆಕ್ಷೇಪವಿಲ್ಲ. ಮೊತ್ತ ಹತ್ತು ಲಕ್ಷ ದಾಟಿದಾಗ, ಅಥವಾ ಬ್ಯಾಂಕು ಸಾಲಕ್ಕೆ ಕಾಗದ ಕೇಳಿದಾಗ, ಉಭಯತರು ಪತ್ರ ಬರಹಗಾರರ ಬಳಿಗೆ ಹೋಗಿ ಛಾಪಾ ಕಾಗದದ ಮೇಲೆ ಕರಾರು ಬರೆಸುತ್ತಾರೆ. ಆ ಕಾಗದವು ಬಹುತೇಕ ಒಂದೇ ವಾಕ್ಯವಾಗಿರುತ್ತದೆ. ಪೂರ್ಣವಿರಾಮ ಸಹಿಯ ಮೇಲ್ಭಾಗದಲ್ಲಿ ಒಮ್ಮೆ ಮಾತ್ರ ಕಾಣಿಸುತ್ತದೆ. ಉದಾಹರಣೆಗಾಗಿ ರಚಿಸಿದ ಕೆಳಗಿನ ಪಠ್ಯವನ್ನು ನೋಡಬಹುದು. ಇಂತಹ ಕಾಗದಕ್ಕೆ ಸಹಿ ಮಾಡಿದ ವರ್ತಕರಿಗೆ ಇದರ ಧಾಟಿ ಅಪರಿಚಿತವಲ್ಲ.

"ಲಿಖಿತ ಕರಾರು ಪತ್ರ ಏನೆಂದರೆ, ಮೊದಲನೆಯ ಪಾರ್ಟಿಯವರು ತಮ್ಮ ತಿಕೋಟಾ ಶೆಡ್ಡಿನಲ್ಲಿ ತಯಾರಾದ ಉತ್ತಮ ದರ್ಜೆಯ ಮನೂಕ ಹತ್ತು ಟನ್ ಮಾಲನ್ನು ಎರಡನೆಯ ಪಾರ್ಟಿಯವರಿಗೆ ಕಿಲೋ ಒಂದಕ್ಕೆ 200 ರೂಪಾಯಿಯಂತೆ ಕೊಡಲು ಒಪ್ಪಿದ್ದು, ಸದರಿ ಮಾಲನ್ನು 15 ಕಿಲೋ ಬಾಕ್ಸುಗಳಲ್ಲಿ ತುಂಬಿ ಏಪ್ರಿಲ್ ಅಖೇರಿಯ ಒಳಗೆ ವಿಜಯಪುರದ ಸ್ಟೋರೇಜಿಗೆ ಮುಟ್ಟಿಸತಕ್ಕದ್ದು, ಮಾಲು ಬಂದ ಮೇಲೆ ತೂಕ ಹಾಗೂ ತೇವಾಂಶ ನೋಡಿ ಶೇಕಡಾ 15ಕ್ಕಿಂತ ಹೆಚ್ಚಿದ್ದಲ್ಲಿ ಅದರಂತೆ ಕಡಿತ ಮಾಡಿ ಮೂವತ್ತು ದಿನದೊಳಗೆ ಹಣ ಚುಕ್ತಾ ಮಾಡತಕ್ಕದ್ದು, ತಪ್ಪಿದಲ್ಲಿ ಬಡ್ಡಿ ಸಹಿತ ಕೊಡತಕ್ಕದ್ದು, ಸ್ಟೋರೇಜ್ ಬಾಡಿಗೆ, ಹಮಾಲಿ ಮತ್ತು ವಿಮೆಯ ಖರ್ಚು ಮಾಲು ಎತ್ತುವವರೆಗೆ ಸದರಿ ಪಾರ್ಟಿಯವರದೇ ಇದ್ದು, ಅಲ್ಲಿಯವರೆಗೆ ಮಾಲಿಗೆ ಏನಾದರೂ ಆದಲ್ಲಿ ಸದರಿಯವರೇ ಜವಾಬ್ದಾರರು ಅಂತ ರಾಜೀಖುಷಿಯಿಂದ ಬರೆದು ಸಹಿ ಮಾಡಿದ್ದು ನಿಜ."

ವ್ಯವಹಾರ ಸುಸೂತ್ರವಾಗಿ ನಡೆದರೆ ಈ ಕಾಗದವನ್ನು ಯಾರೂ ಮತ್ತೆ ತೆರೆಯುವುದಿಲ್ಲ. ತೆರೆಯುವ ಪ್ರಸಂಗ ಬಂದಾಗ ಮಾತ್ರ ಇದರೊಳಗಿನ ಪೊಳ್ಳು ತಿಳಿಯುತ್ತದೆ. ಮೂರು ಕಡೆ ಬಂದಿರುವ 'ಸದರಿ' ಎಂಬ ಪದವನ್ನೇ ಪರೀಕ್ಷಿಸಿದರೆ ಸಾಕು. ಮೊದಲನೆಯದು ಮಾಲನ್ನು ಸೂಚಿಸುತ್ತದೆ, ಅದು ಸ್ಪಷ್ಟ. ಬಾಡಿಗೆ, ವಿಮೆಗಳ ಹೊಣೆ ಹೊರುವ 'ಸದರಿ ಪಾರ್ಟಿಯವರು' ಯಾರು? ಹತ್ತಿರದಲ್ಲಿ ಪ್ರಸ್ತಾಪವಾಗಿರುವುದು ಹಣ ಕೊಡಬೇಕಾದವರು, ಅಂದರೆ ಖರೀದಿದಾರರು. ಆದರೆ ಅವರ ಹೆಸರು ಆ ಭಾಗದಲ್ಲಿ ಎಲ್ಲಿಯೂ ಇಲ್ಲ. ಕರ್ತೃಪದವನ್ನು ಬಿಟ್ಟು ಕ್ರಿಯಾಪದವನ್ನು ಕೊನೆಗೆ ತರುವ ಸೌಲಭ್ಯ ಕನ್ನಡದಲ್ಲಿದೆ. ಮಾತಿನಲ್ಲಿ ಅದು ಸೊಗಸು. ಕರಾರಿನಲ್ಲಿ ಅದು ಅಪಾಯ. 'ಮುಟ್ಟಿಸತಕ್ಕದ್ದು', 'ಚುಕ್ತಾ ಮಾಡತಕ್ಕದ್ದು' ಎಂಬ ಎರಡು ಕರ್ತವ್ಯಗಳು ಎರಡು ಬೇರೆ ಪಕ್ಷಗಳಿಗೆ ಸೇರಿದ್ದರೂ ವಾಕ್ಯದಲ್ಲಿ ಅವುಗಳ ನಡುವೆ ಒಂದು ಅಲ್ಪವಿರಾಮವಷ್ಟೇ ಇದೆ.

ಅಲ್ಪವಿರಾಮದ ಮಾತು ಬಂದದ್ದರಿಂದ ಕೆನಡಾ ದೇಶದ ಒಂದು ಪ್ರಕರಣವನ್ನು ಇಲ್ಲಿ ನೆನೆಯಬಹುದು. ಕೇಬಲ್ ಕಂಪನಿಯಾದ ರೋಜರ್ಸ್ ಹಾಗೂ ದೂರವಾಣಿ ಕಂಪನಿಯಾದ ಅಲಿಯಂಟ್ ನಡುವೆ ಕಂಬಗಳ ಬಳಕೆಯ ಬಗ್ಗೆ ಐದು ವರ್ಷಗಳ ಒಪ್ಪಂದವಿತ್ತು. ಮೊದಲ ಐದು ವರ್ಷ, ಆನಂತರ ಐದೈದು ವರ್ಷದ ಮುಂದುವರಿಕೆ, ಒಂದು ವರ್ಷದ ನೋಟೀಸಿನಿಂದ ಮುಕ್ತಾಯ, ಈ ಮೂರೂ ಒಂದೇ ವಾಕ್ಯದಲ್ಲಿದ್ದವು. ನೋಟೀಸಿನ ಹಕ್ಕು ಮೊದಲ ಐದು ವರ್ಷಕ್ಕೂ ಅನ್ವಯಿಸುವುದೇ ಅಥವಾ ಮುಂದುವರಿದ ಅವಧಿಗೆ ಮಾತ್ರವೇ ಎಂಬ ಪ್ರಶ್ನೆ ಎದ್ದಾಗ ಅಲ್ಲಿನ ದೂರಸಂಪರ್ಕ ನಿಯಂತ್ರಣ ಆಯೋಗವು 2006ರಲ್ಲಿ ಒಂದು ಅಲ್ಪವಿರಾಮದ ಸ್ಥಾನವನ್ನು ಆಧರಿಸಿ ಅಲಿಯಂಟ್ ಪರವಾಗಿ ತೀರ್ಮಾನಿಸಿತು. ಮರುವರ್ಷ ಅದೇ ಒಪ್ಪಂದದ ಫ್ರೆಂಚ್ ಪಾಠವನ್ನು ಪರಿಶೀಲಿಸಿ ತೀರ್ಮಾನವನ್ನು ಬದಲಿಸಿತು. ಮೂರು ಸಂಗತಿಗಳನ್ನು ಮೂರು ಕಲಮುಗಳಲ್ಲಿ ಬರೆದಿದ್ದರೆ ವ್ಯಾಜ್ಯಕ್ಕೆ ಆಸ್ಪದವೇ ಇರುತ್ತಿರಲಿಲ್ಲ. ಮೇಲಿನ ಮಾದರಿಯಲ್ಲಿರುವ 'ಮಾಲು ಎತ್ತುವವರೆಗೆ' ಎಂಬ ಮಾತೂ ಇಂತಹುದೇ. ಅದು ವಿಮೆಗೆ ಮಾತ್ರ ಅನ್ವಯಿಸುತ್ತದೆಯೋ, ಬಾಡಿಗೆ ಮತ್ತು ಹಮಾಲಿಗೂ ಅನ್ವಯಿಸುತ್ತದೆಯೋ?

ಗೋಡೆಯಂತಿರುವ ಪಠ್ಯವನ್ನು ಬಿಡಿಸುವ ಕೆಲಸ ಪೆನ್ಸಿಲಿನಿಂದ ಆರಂಭವಾಗಬೇಕು. ಮೂಲ ಕಾಗದದ ನಕಲು ಪ್ರತಿಯಲ್ಲಿ '-ತಕ್ಕದ್ದು', '-ಬಹುದು', '-ಕೂಡದು' ಎಂದು ಮುಗಿಯುವ ಪ್ರತಿಯೊಂದು ಕ್ರಿಯಾಪದಕ್ಕೂ ಗೆರೆ ಎಳೆಯುವುದು ಮೊದಲ ಹೆಜ್ಜೆ. ಹಾಗೆ ಎಳೆದ ಪ್ರತಿಯೊಂದು ಗೆರೆಯೂ ಒಂದು ಕಲಮು ಆಗುತ್ತದೆ. ಎರಡನೆಯದಾಗಿ, ಪ್ರತಿ ಗೆರೆಯ ಪಕ್ಕದಲ್ಲಿ ಅದನ್ನು ಯಾರು ಮಾಡಬೇಕೆಂದು ಬರೆಯಬೇಕು. ಬರೆಯಲು ಸಾಧ್ಯವಾಗದ ಕಡೆ ಉಭಯತರು ಕುಳಿತು ತೀರ್ಮಾನಿಸಬೇಕೇ ಹೊರತು ಬರೆಯುವವರು ತಮ್ಮ ಊಹೆಯನ್ನು ತುಂಬಬಾರದು. ವಿಂಗಡಣೆ ಎಂಬುದು ಅಕ್ಷರಜೋಡಣೆಯ ಕೆಲಸವೆಂದು ಭಾವಿಸಿ ಗುಮಾಸ್ತರಿಗೆ ಒಪ್ಪಿಸುವವರು ಇಲ್ಲಿಯೇ ಎಡವುತ್ತಾರೆ. ಮೇಲಿನ ಮಾದರಿಯಲ್ಲಿ ಬಾಡಿಗೆ ಕೊಡುವವರು ಯಾರೆಂಬುದು ಪಠ್ಯದಲ್ಲಿ ಇಲ್ಲವೇ ಇಲ್ಲ. ಅದನ್ನು ಸಂಖ್ಯೆ ಹಾಕಿದ ಕಲಮಿನಲ್ಲಿ ಬರೆದೊಡನೆ ಒಂದು ಹೊಸ ಷರತ್ತು ಸೃಷ್ಟಿಯಾದಂತೆಯೇ.

ಮೂರನೆಯ ಹೆಜ್ಜೆ ಪದಗಳದು. ಎರಡು ಅಥವಾ ಹೆಚ್ಚು ಬಾರಿ ಬಂದಿರುವ, ಇಲ್ಲವೇ ಹಣದ ಲೆಕ್ಕ ಅವಲಂಬಿಸಿರುವ ಪದಗಳಿಗೆ ವೃತ್ತ ಹಾಕಬೇಕು. ಇಲ್ಲಿ ಮನೂಕ, ಮಾಲು, ಟನ್, ಬಾಕ್ಸ್, ಸ್ಟೋರೇಜ್, 'ಬಂದ ಮೇಲೆ', ತೇವಾಂಶ, ಕಡಿತ, ಮತ್ತು 'ಎತ್ತುವವರೆಗೆ' ಎಂಬುವು ಆ ಗುಂಪಿಗೆ ಸೇರುತ್ತವೆ. ಇವೆಲ್ಲ ದಿನನಿತ್ಯದ ಪದಗಳೇ ಆಗಿರುವಾಗ ವಿವರಣೆಯ ಅಗತ್ಯವೇನು ಎಂದು ಹಿರಿಯ ವರ್ತಕರು ಕೇಳುವುದುಂಟು.

ನಿತ್ಯ ಬಳಕೆಯ ಪದವೇ ಹೆಚ್ಚು ತೊಡಕಿನದು ಎಂಬುದಕ್ಕೆ ಅಮೆರಿಕದ ನ್ಯೂಯಾರ್ಕಿನಲ್ಲಿ 1960ರಲ್ಲಿ ತೀರ್ಮಾನವಾದ ಫ್ರಿಗಾಲಿಮೆಂಟ್ ಪ್ರಕರಣ ಪ್ರಸಿದ್ಧ ಉದಾಹರಣೆ. ಸ್ವಿಟ್ಜರ್‌ಲೆಂಡಿನ ಖರೀದಿದಾರರು ಅಮೆರಿಕದ ಮಾರಾಟಗಾರರಿಂದ ಶೀತಲೀಕರಿಸಿದ ಕೋಳಿಯನ್ನು ಖರೀದಿಸಲು ಕರಾರು ಮಾಡಿಕೊಂಡಿದ್ದರು. ದರ್ಜೆ, ತೂಕ, ಎಲ್ಲವೂ ಕಾಗದದಲ್ಲಿದ್ದವು. ಬಂದ ಸರಕಿನಲ್ಲಿ ಬಲಿತ, ಸಾರಿಗೆ ಮಾತ್ರ ತಕ್ಕ ಕೋಳಿಗಳಿದ್ದವು. ಕೋಳಿ ಎಂದರೆ ಎಳೆಯ ಕೋಳಿಯೆಂದು ಖರೀದಿದಾರರ ವಾದ. ಯಾವುದೇ ಕೋಳಿಯೂ ಕೋಳಿಯೇ ಎಂದು ಮಾರಾಟಗಾರರ ವಾದ. ನಿಘಂಟು, ಸರ್ಕಾರದ ನಿಯಮ, ವ್ಯಾಪಾರದ ವಾಡಿಕೆ, ಪತ್ರವ್ಯವಹಾರ ಎಲ್ಲವನ್ನೂ ಪರಿಶೀಲಿಸಿದ ನ್ಯಾಯಾಧೀಶ ಫ್ರೆಂಡ್ಲಿಯವರು, ಪದವನ್ನು ಸೀಮಿತ ಅರ್ಥದಲ್ಲಿಯೇ ಬಳಸಲಾಗಿತ್ತೆಂದು ಖರೀದಿದಾರರು ಸಾಬೀತುಪಡಿಸಲಿಲ್ಲವೆಂದು ತೀರ್ಪಿತ್ತರು. ಒಂದು ಸಾಲಿನ ವಿವರಣೆ ಇಲ್ಲದ್ದಕ್ಕೆ ತೆತ್ತ ಬೆಲೆ ಅದು.

ಕೋಳಿಯ ಜಾಗದಲ್ಲಿ 'ಮನೂಕ'ವನ್ನು ಇಟ್ಟು ನೋಡಬಹುದು. ಗಡಿಯ ಆಚೆಗಿನ ಸಾಂಗ್ಲಿ, ತಾಸಗಾಂವ ಪೇಟೆಗಳಲ್ಲಿ 'ಬೇದಾಣಾ' ಎಂಬ ಮಾತು ರೂಢಿಯಲ್ಲಿದೆ. ಪಾರಸಿ ಮೂಲದ ಆ ಪದಕ್ಕೆ ಬೀಜವಿಲ್ಲದ್ದು ಎಂದು ಅರ್ಥ. ಮರಾಠಿಯಲ್ಲಿ ಮನೂಕ ಎಂದೊಡನೆ ಕಪ್ಪು ಒಣದ್ರಾಕ್ಷಿಯನ್ನು ನೆನೆಯುವವರು ಬಹಳ. ವಿಜಯಪುರದ ಕಡೆ ಎಲ್ಲ ಬಗೆಯ ಒಣದ್ರಾಕ್ಷಿಗೂ ಮನೂಕವೆಂದೇ ಕರೆಯುವುದುಂಟು. 'ಉತ್ತಮ ದರ್ಜೆಯ ಮನೂಕ' ಎಂದು ಬರೆದ ಕಾಗದ ಎರಡು ಪೇಟೆಗಳಲ್ಲಿ ಎರಡು ಸರಕುಗಳನ್ನು ಸೂಚಿಸಬಲ್ಲದು. 1872ರ ಭಾರತೀಯ ಕರಾರು ಕಾಯಿದೆಯ 29ನೆಯ ಪ್ರಕರಣವು ಅರ್ಥ ನಿಶ್ಚಿತವಿಲ್ಲದ, ನಿಶ್ಚಿತಗೊಳಿಸಲೂ ಬಾರದ ಒಪ್ಪಂದ ಶೂನ್ಯವೆಂದು ಹೇಳುತ್ತದೆ. ಅದರ ಕೆಳಗಿನ ದೃಷ್ಟಾಂತವೂ ವ್ಯಾಪಾರದ್ದೇ: ಯಾವ ಎಣ್ಣೆ ಎಂದು ತಿಳಿಸದೆ ನೂರು ಟನ್ ಎಣ್ಣೆ ಮಾರುವ ಒಪ್ಪಂದ ಶೂನ್ಯ. ಮಾರುವವನು ಕೊಬ್ಬರಿ ಎಣ್ಣೆಯ ವ್ಯಾಪಾರಿ ಮಾತ್ರವೇ ಆಗಿದ್ದರೆ ಕೊಬ್ಬರಿ ಎಣ್ಣೆ ಎಂದು ಗ್ರಹಿಸಬಹುದು. ಹಲವು ಬಗೆಯ ಒಣದ್ರಾಕ್ಷಿ ಮಾರುವವರಿಗೆ ಈ ಎರಡನೆಯ ದೃಷ್ಟಾಂತದ ಆಸರೆ ಸಿಗುವುದಿಲ್ಲ.

ಸ್ಥಳನಾಮಗಳೂ ಇದಕ್ಕೆ ಹೊರತಲ್ಲ. 2014ರ ನವೆಂಬರ್ 1ರಂದು ಬಿಜಾಪುರವು ವಿಜಯಪುರವಾಯಿತು, ಅದರಿಂದ ಗೊಂದಲವೇನೂ ಇಲ್ಲ. ಆದರೆ ತಿಕೋಟಾ ಮತ್ತು ಬಬಲೇಶ್ವರ ಹಿಂದೆ ಇದೇ ತಾಲೂಕಿನ ಭಾಗವಾಗಿದ್ದು ಈಗ ಪ್ರತ್ಯೇಕ ತಾಲೂಕುಗಳಾಗಿವೆ. 'ತಾಲೂಕಿನಾದ್ಯಂತ ಮಾರಾಟದ ಹಕ್ಕು' ಎಂದು ಹಳೆಯ ವಿತರಣಾ ಕರಾರಿನಲ್ಲಿ ಬರೆಸಿಕೊಂಡವರು ತಮ್ಮ ಕ್ಷೇತ್ರವನ್ನು ಊರುಗಳ ಹೆಸರಿನಿಂದ ವಿವರಿಸಿಕೊಳ್ಳುವುದು ಕ್ಷೇಮ.

ಈಗ ಕೋಷ್ಟಕದ ರಚನೆ. ಇದನ್ನು ಕರಾರಿನ ಕೊನೆಗೆ ಪರಿಶಿಷ್ಟವಾಗಿ ಇಡುವುದು ಸೂಕ್ತ. ಇಂಗ್ಲಿಷ್ ಕರಾರುಗಳಲ್ಲಿ ಮೊದಲ ಎರಡು ಮೂರು ಪುಟ ಪದವಿವರಣೆಯೇ ತುಂಬಿರುವುದರಿಂದ ಓದುವವರು ವ್ಯವಹಾರದ ತಿರುಳನ್ನು ತಲುಪುವ ಮುನ್ನವೇ ದಣಿಯುತ್ತಾರೆ. ಆದರೆ ಪರಿಶಿಷ್ಟವು ಕರಾರಿನ ಅಂಗವೆಂದು ಮೊದಲ ಕಲಮಿನಲ್ಲಿಯೇ ಹೇಳಬೇಕು, ಅದರ ಹಾಳೆಗೂ ಉಭಯತರ ಸಹಿ ಇರಬೇಕು. ಇಲ್ಲವಾದಲ್ಲಿ ಆ ಹಾಳೆಯನ್ನು ಆಮೇಲೆ ಸೇರಿಸಲಾಯಿತೆಂಬ ತಕರಾರಿಗೆ ದಾರಿಯಾಗುತ್ತದೆ. ಮೇಲಿನ ಮಾದರಿಗೆ ಈ ಕೋಷ್ಟಕ ಸಾಕಾಗುತ್ತದೆ.

| ಪದ | ಈ ಕರಾರಿನಲ್ಲಿ ಅದರ ಅರ್ಥ |
|---|---|
| ತೇವಾಂಶ | ಪ್ರತಿ 100 ಬಾಕ್ಸಿಗೆ 5 ಬಾಕ್ಸಿನಂತೆ, ಉಭಯತರ ಸಮಕ್ಷಮ ತೆಗೆದ ನಮೂನೆಗಳ ತೇವಾಂಶದ ಸರಾಸರಿ, ಶೇಕಡಾವಾರು |
| ದರ | ನಿವ್ವಳ ತೂಕದ ಕಿಲೋ ಒಂದಕ್ಕೆ 200 ರೂಪಾಯಿ, ಜಿ.ಎಸ್.ಟಿ. ಹೊರತುಪಡಿಸಿ |
| ದಾಸ್ತಾನು ಕೇಂದ್ರ | ವಿಜಯಪುರ ನಗರದ (ಹೆಸರು, ವಿಳಾಸ) ಶೀತಲಗೃಹ |
| ಬಾಕ್ಸ್ | ಒಳಗಿನ ಒಣದ್ರಾಕ್ಷಿಯ ನಿವ್ವಳ ತೂಕ 15 ಕಿಲೋ ಇರುವ ರಟ್ಟಿನ ಪೆಟ್ಟಿಗೆ |
| ಮಾಲು | ಮಾರಾಟಗಾರರ ತಿಕೋಟಾ ಶೆಡ್ಡಿನಲ್ಲಿ ಈ ಹಂಗಾಮಿನಲ್ಲಿ ಒಣಗಿಸಿದ ಹಸಿರು ಬಣ್ಣದ, ಬೀಜರಹಿತ ಒಣದ್ರಾಕ್ಷಿ |
| ಮುಟ್ಟಿದ ದಿನ | ಮಾಲಿನ ಕೊನೆಯ ಬಾಕ್ಸಿಗೆ ದಾಸ್ತಾನು ಕೇಂದ್ರವು ಆವಕ ರಸೀದಿ ನೀಡಿದ ದಿನಾಂಕ |
| ಲೆಕ್ಕದ ತೂಕ | ನಿವ್ವಳ ತೂಕ × (100 − ತೇವಾಂಶ) ÷ 85 |

ಬಾಕ್ಸನ್ನು ವಿವರಿಸಲು ಹೊರಟೊಡನೆ ಒಂದು ಸಂಗತಿ ಬೆಳಕಿಗೆ ಬರುತ್ತದೆ. ಹತ್ತು ಟನ್, ಅಂದರೆ 10,000 ಕಿಲೋ, 15 ಕಿಲೋ ಬಾಕ್ಸುಗಳಲ್ಲಿ ಸರಿಯಾಗಿ ಭಾಗವಾಗುವುದಿಲ್ಲ. 666 ಬಾಕ್ಸಾದರೆ 10 ಕಿಲೋ ಕಡಿಮೆ, 667 ಆದರೆ 5 ಕಿಲೋ ಹೆಚ್ಚು. ಗೋಡೆಯಂತಹ ಪಠ್ಯದಲ್ಲಿ ಇದು ಯಾರ ಕಣ್ಣಿಗೂ ಬೀಳದು. ಆದ್ದರಿಂದ ಕಲಮಿನಲ್ಲಿ ಟನ್ನನ್ನು ಬಿಟ್ಟು ಬಾಕ್ಸುಗಳ ಸಂಖ್ಯೆಯನ್ನೇ ಬರೆಯುವುದು ಲೇಸು.

'ಮೂವತ್ತು ದಿನ' ಎಂಬುದರ ಎಣಿಕೆಯ ಆರಂಭವನ್ನು 'ಮುಟ್ಟಿದ ದಿನ' ನಿಶ್ಚಯಿಸುತ್ತದೆ. ಏಪ್ರಿಲ್ 28ರಂದು ಮಾಲು ಇಳಿದು, ಮೇ 6ರಂದು ಪರೀಕ್ಷೆ ನಡೆದು, ಮೇ 10ರಂದು ಬಿಲ್ಲು ಬಂದಿತೆಂದು ಭಾವಿಸಿದರೆ, ಮೂಲ ಪಠ್ಯದ ಪ್ರಕಾರ ಗಡುವು ಮೇ 28, ಜೂನ್ 5 ಅಥವಾ ಜೂನ್ 9 ಎಂದು ಮೂರು ಬಗೆಯಲ್ಲಿ ವಾದಿಸಬಹುದು.

ಎಲ್ಲಕ್ಕಿಂತ ಹೆಚ್ಚು ಹಣ ಅಡಗಿರುವುದು 'ಅದರಂತೆ ಕಡಿತ' ಎಂಬ ಎರಡು ಪದಗಳಲ್ಲಿ. 10,000 ಕಿಲೋ ಮಾಲಿನಲ್ಲಿ ತೇವಾಂಶ ಶೇಕಡಾ 15ರ ಬದಲು 18 ಬಂದಿತೆನ್ನೋಣ. ಮಾರಾಟಗಾರರು ಮೂರು ಶೇಕಡಾ ಹೆಚ್ಚಾದ್ದರಿಂದ 300 ಕಿಲೋ ಕಳೆಯಿರಿ ಎನ್ನುತ್ತಾರೆ. ದರದ ಪ್ರಕಾರ 60,000 ರೂಪಾಯಿ. ಖರೀದಿದಾರರು ಬೇರೆಯೇ ಲೆಕ್ಕ ಹಾಕುತ್ತಾರೆ. ಶೇಕಡಾ 18 ನೀರಿದ್ದರೆ ಒಣ ಪದಾರ್ಥ 8,200 ಕಿಲೋ. ಶೇಕಡಾ 15 ನೀರಿರುವ ಒಣದ್ರಾಕ್ಷಿಯಲ್ಲಿ ಒಣ ಪದಾರ್ಥ ನೂರಕ್ಕೆ 85 ಇರಬೇಕಾದ್ದರಿಂದ ಈ 8,200 ಕಿಲೋ ಒಣ ಪದಾರ್ಥ ಸುಮಾರು 9,647 ಕಿಲೋ ಮಾಲಿಗೆ ಸಮ. ಕಡಿತ ಸುಮಾರು 353 ಕಿಲೋ, ಅಂದರೆ 70,600 ರೂಪಾಯಿಗಳ ಹತ್ತಿರ. ಎರಡೂ ಪಕ್ಷದವರು ಪ್ರಾಮಾಣಿಕರೇ. ಆದರೂ ಒಂದು ಲಾರಿ ಮಾಲಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚಿನ ವ್ಯತ್ಯಾಸ. ಇದಲ್ಲದೆ ಪ್ರತಿ ಶೇಕಡಾ ತೇವಾಂಶಕ್ಕೆ ಇಷ್ಟು ರೂಪಾಯಿ ಎಂಬ ಮೂರನೆಯ ಪದ್ಧತಿಯೂ ಸಾಧ್ಯ. ಯಾವುದು ನ್ಯಾಯವೆಂಬುದು ಇಲ್ಲಿ ಪ್ರಶ್ನೆಯಲ್ಲ. ಉಭಯತರು ಒಪ್ಪಿದ ಒಂದು ಲೆಕ್ಕ ಕೋಷ್ಟಕದಲ್ಲಿ ಇರಬೇಕು.

ಕೋಷ್ಟಕ ಸಿದ್ಧವಾದ ಬಳಿಕ ಕಲಮುಗಳು ಆಶ್ಚರ್ಯಕರವಾಗಿ ಚಿಕ್ಕವಾಗುತ್ತವೆ.

1. ಪರಿಶಿಷ್ಟ 'ಅ' ಈ ಕರಾರಿನ ಅಂಗವಾಗಿದ್ದು, ದಪ್ಪ ಅಕ್ಷರದಲ್ಲಿರುವ ಪದಗಳಿಗೆ ಅದರಲ್ಲಿನ ಅರ್ಥವೇ ಅನ್ವಯಿಸತಕ್ಕದ್ದು.

2. ಮಾರಾಟಗಾರರು 667 ಬಾಕ್ಸ್ ಮಾಲನ್ನು ದರದಂತೆ ಖರೀದಿದಾರರಿಗೆ ಮಾರತಕ್ಕದ್ದು.

3.1 ಮಾರಾಟಗಾರರು ಮಾಲನ್ನು ಏಪ್ರಿಲ್ 30ರೊಳಗೆ ದಾಸ್ತಾನು ಕೇಂದ್ರಕ್ಕೆ ಮುಟ್ಟಿಸತಕ್ಕದ್ದು.
3.2 ಅಲ್ಲಿಯವರೆಗಿನ ಸಾಗಣೆ ಹಾಗೂ ಇಳಿಸುವ ಹಮಾಲಿಯನ್ನು ಮಾರಾಟಗಾರರು ಭರಿಸತಕ್ಕದ್ದು.

4.1 ಮಾಲು ಉಭಯತರು ಸಹಿ ಮಾಡಿ ಮೊಹರು ಹಾಕಿದ ನಮೂನೆಗೆ ಹೊಂದತಕ್ಕದ್ದು.
4.2 ತೇವಾಂಶ ಶೇಕಡಾ 15 ಮೀರಿದಲ್ಲಿ ಖರೀದಿದಾರರು ಲೆಕ್ಕದ ತೂಕಕ್ಕೆ ಮಾತ್ರ ಹಣ ಕೊಡತಕ್ಕದ್ದು.
4.3 ಗುಣಮಟ್ಟದ ತಕರಾರನ್ನು ಖರೀದಿದಾರರು ಮುಟ್ಟಿದ ದಿನದಿಂದ 7 ದಿನಗಳೊಳಗೆ ಲಿಖಿತವಾಗಿ ತಿಳಿಸತಕ್ಕದ್ದು.

5. ಖರೀದಿದಾರರು ಮುಟ್ಟಿದ ದಿನದಿಂದ 30 ದಿನಗಳೊಳಗೆ ಹಣ ಪಾವತಿಸತಕ್ಕದ್ದು.

6. ಮುಟ್ಟಿದ ದಿನದ ನಂತರದ ಬಾಡಿಗೆ, ವಿಮೆ ಮತ್ತು ಹಮಾಲಿಯನ್ನು ಖರೀದಿದಾರರು ಭರಿಸತಕ್ಕದ್ದು.

7. ಮಾಲಿಗೆ ಉಂಟಾಗುವ ನಷ್ಟವು ಮುಟ್ಟಿದ ದಿನದ ಅಂತ್ಯದವರೆಗೆ ಮಾರಾಟಗಾರರದು, ಆನಂತರ ಖರೀದಿದಾರರದು.

ದಪ್ಪ ಅಕ್ಷರದ ಬಳಕೆಗೆ ಕಾರಣವಿದೆ. ಇಂಗ್ಲಿಷಿನಲ್ಲಿ ವಿವರಿಸಿದ ಪದವನ್ನು ದೊಡ್ಡಕ್ಷರದಿಂದ ಆರಂಭಿಸಿ ಗುರುತಿಸುವ ಪದ್ಧತಿ ಇದೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲ. ಇಂಗ್ಲಿಷ್ ಕರಾರನ್ನು ಕನ್ನಡಕ್ಕೆ ತಂದಾಗ ಈ ಗುರುತು ಸದ್ದಿಲ್ಲದೆ ಅಳಿಸಿಹೋಗುತ್ತದೆ, ವಿವರಿಸಿದ ಪದ ಯಾವುದು, ಸಾಮಾನ್ಯ ಪದ ಯಾವುದು ಎಂದು ತಿಳಿಯದಾಗುತ್ತದೆ. ಇನ್ನೊಂದು ತೊಡಕು ವಿಭಕ್ತಿಯದು. 'ಮಾಲು' ಎಂಬುದು ಮಾಲನ್ನು, ಮಾಲಿಗೆ, ಮಾಲಿನ ಎಂದು ರೂಪ ತಾಳುತ್ತದೆ. ಕಂಪ್ಯೂಟರಿನಲ್ಲಿ 'ಮಾಲು' ಎಂದು ಹುಡುಕಿ ಎಲ್ಲವನ್ನೂ ಗುರುತಿಸಿದೆವೆಂದುಕೊಳ್ಳುವ ಬೆರಳಚ್ಚುಗಾರರು ಅರ್ಧವನ್ನು ಬಿಟ್ಟಿರುತ್ತಾರೆ. 'ಮಾಲ' ಎಂಬ ಮೊದಲ ಭಾಗವನ್ನೂ 'ಮಾಲಿ' ಎಂಬುದನ್ನೂ ಬೇರೆ ಬೇರೆ ಹುಡುಕಿ, ಪ್ರತ್ಯಯ ಸಹಿತವಾದ ಇಡೀ ಪದವನ್ನು ದಪ್ಪಗೊಳಿಸಬೇಕು. ದಪ್ಪ ಅಕ್ಷರ ನಕಲು ಪ್ರತಿಯಲ್ಲಿ ಮಸುಕಾಗುವ ಭಯವಿದ್ದರೆ ಉದ್ಧರಣ ಚಿಹ್ನೆ ಆದೀತು.

ಈ ಕೆಲಸದಲ್ಲಿ ಅತ್ಯಂತ ಸುಲಭವಾಗಿ ಆಗುವ, ಅತ್ಯಂತ ದುಬಾರಿಯಾದ ತಪ್ಪು ಬೇರೊಂದಿದೆ. ಅದು ಷರತ್ತನ್ನು ವಿವರಣೆಯೊಳಗೆ ತುರುಕುವುದು. ಮೂಲದಲ್ಲಿ 'ಉತ್ತಮ ದರ್ಜೆಯ' ಎಂದಿರುವುದರಿಂದ ಕೋಷ್ಟಕದಲ್ಲಿ "ಮಾಲು ಎಂದರೆ ನಮೂನೆಗೆ ಹೊಂದುವ, ತೇವಾಂಶ ಶೇಕಡಾ 15 ಮೀರದ ಹಸಿರು ಒಣದ್ರಾಕ್ಷಿ" ಎಂದು ಬರೆದರೆ ಮೇಲ್ನೋಟಕ್ಕೆ ಬಹಳ ಬಿಗಿಯಾದ ವಿವರಣೆ ಎನಿಸುತ್ತದೆ. ಈಗ 4.2ನೆಯ ಕಲಮನ್ನು ಓದಬೇಕು. ತೇವಾಂಶ 15 ಮೀರಿದರೆ ಲೆಕ್ಕದ ತೂಕ ಎನ್ನುತ್ತದೆ ಅದು. ಆದರೆ 15 ಮೀರಿದೊಡನೆ ಅದು 'ಮಾಲು' ಆಗಿಯೇ ಉಳಿಯುವುದಿಲ್ಲವಲ್ಲ! ಕಡಿತದ ಕಲಮು ನಿರರ್ಥಕವಾಗುತ್ತದೆ. ಶೇಕಡಾ 16 ತೇವಾಂಶವಿದ್ದರೂ ಮಾರಾಟಗಾರರು ಮಾಲನ್ನೇ ಮುಟ್ಟಿಸಲಿಲ್ಲವೆಂದು ಖರೀದಿದಾರರು ವಾದಿಸಬಹುದು. 7ನೆಯ ಕಲಮಿನ ಪ್ರಕಾರ ನಷ್ಟದ ಹೊಣೆಯೂ ವರ್ಗಾವಣೆಯಾಗಿಲ್ಲ ಎನ್ನಬಹುದು. ಆದ್ದರಿಂದ ಕೋಷ್ಟಕವು ವಸ್ತುವನ್ನು ಗುರುತಿಸಬೇಕು, ಅದು ಹೇಗಿರಬೇಕೆಂಬುದನ್ನು ಕಲಮು ಹೇಳಬೇಕು. '-ತಕ್ಕದ್ದು' ಎಂಬ ರೂಪ ಕೋಷ್ಟಕದಲ್ಲಿ ಎಲ್ಲಿಯಾದರೂ ಕಂಡರೆ ಅದನ್ನು ಕಿತ್ತು ಕಲಮಿಗೆ ಸಾಗಿಸಬೇಕೆಂಬುದು ಸರಳ ಪರೀಕ್ಷೆ. ಮೇಲಿನ ಉದಾಹರಣೆಯಂತೆ ಗುಣವಾಚಕದ ವೇಷದಲ್ಲಿ ಬಂದ ಷರತ್ತು ಈ ಜರಡಿಗೂ ಸಿಗದು. ಅದಕ್ಕೆ ಎರಡನೆಯ ಪರೀಕ್ಷೆ ಬೇಕು: ಪ್ರತಿ ಕಲಮಿನಲ್ಲಿ ದಪ್ಪ ಪದವನ್ನು ತೆಗೆದು ಆ ಜಾಗದಲ್ಲಿ ಕೋಷ್ಟಕದ ಪೂರ್ಣ ವಿವರಣೆಯನ್ನು ಇಟ್ಟು ಗಟ್ಟಿಯಾಗಿ ಓದುವುದು. ಅರ್ಥ ಕೆಡುವ ಜಾಗ ಕಿವಿಗೆ ತಾನಾಗಿಯೇ ತಿಳಿಯುತ್ತದೆ.

ಇದೇ ಓದಿನಲ್ಲಿ ಸಣ್ಣ ದೋಷಗಳೂ ಸಿಕ್ಕಿಬೀಳುತ್ತವೆ. ಕೋಷ್ಟಕದಲ್ಲಿದ್ದು ಕಲಮಿನಲ್ಲಿ ಬಾರದ ಪದ, ಒಂದು ಕಡೆ ಮಾಲು ಇನ್ನೊಂದು ಕಡೆ ಸರಕು ಎಂಬ ಬದಲಾವಣೆ, ನಡುವೆ ಒಂದು ಕಲಮು ಸೇರಿದ್ದರಿಂದ ತಪ್ಪು ಸಂಖ್ಯೆಯತ್ತ ಬೆರಳು ಮಾಡುವ ಉಲ್ಲೇಖ, ಇವು ಅಂತಹವು. ಶಾಲೆಯಲ್ಲಿ ಕಲಿತ ಪುನರುಕ್ತಿ ದೋಷದ ಪಾಠವನ್ನು ಕರಾರು ಬರೆಯುವಾಗ ಮರೆಯುವುದೇ ಒಳಿತು. ಹತ್ತು ಬಾರಿ ಮಾಲು ಎನ್ನಬೇಕಾದಲ್ಲಿ ಹತ್ತು ಬಾರಿಯೂ ಮಾಲು ಎಂದೇ ಬರೆಯಬೇಕು.

5ನೆಯ ಕಲಮಿನಿಂದ ಬಡ್ಡಿಯ ಮಾತು ಕೈಬಿಟ್ಟಿರುವುದನ್ನು ಕೆಲವರಾದರೂ ಗಮನಿಸಿರಬಹುದು. ಮೂಲದಲ್ಲಿ 'ಬಡ್ಡಿ ಸಹಿತ' ಎಂದಿದೆ, ದರವಿಲ್ಲ. ಇದು ವಿಂಗಡಣೆಯಿಂದ ಬಗೆಹರಿಯುವ ಸಂಗತಿಯಲ್ಲ, ಉಭಯತರು ದರ ನಿಗದಿಪಡಿಸಿಯೇ 5.2 ಎಂದು ಸೇರಿಸಬೇಕು. ಮಾರಾಟಗಾರರು ನೋಂದಾಯಿತ ಅತಿ ಸಣ್ಣ ಅಥವಾ ಸಣ್ಣ ಉದ್ಯಮವಾಗಿದ್ದಲ್ಲಿ 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆ ಇಲ್ಲಿ ಪ್ರವೇಶಿಸುತ್ತದೆ. ಲಿಖಿತ ಕರಾರಿದ್ದರೂ ಪಾವತಿಯ ಅವಧಿ ಸರಕು ಸ್ವೀಕಾರದ ದಿನದಿಂದ 45 ದಿನ ಮೀರುವಂತಿಲ್ಲ. ಮೀರಿದಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ಮಾಸಿಕ ಲೆಕ್ಕದಲ್ಲಿ, ಸಲ್ಲುತ್ತದೆ. ಆ ಕಾಯಿದೆಯೂ ತನ್ನ 2ನೆಯ ಪ್ರಕರಣದಲ್ಲಿ 'ಸ್ವೀಕಾರದ ದಿನ' ಎಂಬುದನ್ನು ವಿವರಿಸಿಕೊಂಡಿದೆ: ಸರಕು ಮುಟ್ಟಿದ ದಿನ, ಅಥವಾ ಖರೀದಿದಾರರು 15 ದಿನಗಳೊಳಗೆ ಲಿಖಿತ ತಕರಾರು ಮಾಡಿದ್ದರೆ ಆ ತಕರಾರು ನಿವಾರಣೆಯಾದ ದಿನ. ಕರಾರಿನ 'ಮುಟ್ಟಿದ ದಿನ'ವನ್ನು ವಿವರಿಸುವಾಗ ಕಾಯಿದೆಯ ಈ ವಿವರಣೆಯನ್ನು ಎದುರಿಗೆ ಇಟ್ಟುಕೊಳ್ಳಬೇಕು. ಕೋಷ್ಟಕದಲ್ಲಿ ಜಾಣ್ಮೆ ತೋರಿ ಗಡುವನ್ನು ಮುಂದೂಡಿದರೆ ಕಾಯಿದೆಯ ಮುಂದೆ ಅದು ನಿಲ್ಲದು. ಒಣಗಿಸಿ ಸಂಸ್ಕರಿಸುವ ಘಟಕಕ್ಕೆ ದೊರೆಯುವ ಈ ರಕ್ಷಣೆ, ಕೊಂಡು ಮಾರುವ ವರ್ತಕರಿಗೆ ದೊರೆಯುವುದಿಲ್ಲ. 2021ರಲ್ಲಿ ಸಗಟು ಹಾಗೂ ಚಿಲ್ಲರೆ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿಯ ಅವಕಾಶ ನೀಡಿದ್ದು ಆದ್ಯತಾ ವಲಯದ ಸಾಲದ ಉದ್ದೇಶಕ್ಕೆ ಮಾತ್ರ. ಅಂತಹವರಿಗೆ ಕರಾರಿನ 5.2ನೆಯ ಕಲಮೇ ಆಧಾರ.

ಹಳೆಯ ಪದಪುಂಜಗಳಿಗೆ ನ್ಯಾಯಾಲಯಗಳು ಈಗಾಗಲೇ ಅರ್ಥ ಕೊಟ್ಟಿವೆ, ಅವನ್ನು ಕದಲಿಸುವುದು ಬೇಡವೆಂದು ಕೆಲವು ವಕೀಲರು ಹೇಳುತ್ತಾರೆ. ಅಡಮಾನ, ಜಾಮೀನು, ಸ್ಥಿರಾಸ್ತಿಯ ದಸ್ತಾವೇಜುಗಳ ಮಟ್ಟಿಗೆ ಈ ಎಚ್ಚರಿಕೆ ಸರಿಯಾದುದೇ. ಮಾಲಿನ ಪೂರೈಕೆಯ ಕರಾರಿನಲ್ಲಿ 'ರಾಜೀಖುಷಿಯಿಂದ', 'ಅಂತ ಬರೆದುಕೊಟ್ಟದ್ದು ನಿಜ' ಎಂಬ ಮಾತುಗಳು ಹೋದರೆ ನಷ್ಟವಾಗುವುದು ಕಾಗದದ ಗಾಂಭೀರ್ಯಕ್ಕೆ ಮಾತ್ರ. ವಕೀಲರ ಇನ್ನೊಂದು ಮಾತನ್ನು ಮಾತ್ರ ಅಲಕ್ಷಿಸುವಂತಿಲ್ಲ. ಈಗಾಗಲೇ ಸಹಿಯಾಗಿರುವ ಕರಾರನ್ನು ಒಂದು ಪಕ್ಷದವರು ತಾವೇ ಕಲಮುಗಳಾಗಿ ಬಿಡಿಸಿಟ್ಟುಕೊಂಡರೆ ಅದು ಅವರ ಓದಿನ ಟಿಪ್ಪಣಿಯಷ್ಟೇ. ಹಳೆಯ ಕಾಗದವೇ ಕರಾರಾಗಿ ಉಳಿಯುತ್ತದೆ. ಹೊಸ ಪಠ್ಯ ಹಳೆಯದರ ಜಾಗಕ್ಕೆ ಬರಬೇಕಾದರೆ ಕರಾರು ಕಾಯಿದೆಯ 62ನೆಯ ಪ್ರಕರಣದಂತೆ ಉಭಯತರೂ ಅದಕ್ಕೆ ಒಪ್ಪಿರಬೇಕು. ಇಂತಹ ದಿನಾಂಕದ ಕರಾರಿಗೆ ಬದಲಾಗಿ ಇದು ಜಾರಿಗೆ ಬಂದಿದೆಯೆಂದು ಒಂದು ಕಲಮು ಬರೆದು, ಯುಕ್ತ ಛಾಪಾ ಕಾಗದದ ಮೇಲೆ ಸಹಿ ಮಾಡಬೇಕು. ಈ ಕಲಮು ತಪ್ಪಿದರೆ ಒಂದೇ ವ್ಯವಹಾರಕ್ಕೆ ಎರಡು ಕಾಗದಗಳಾಗಿ, ಮೊದಲಿನ ಒಂದು ಗೊಂದಲದ ಜಾಗದಲ್ಲಿ ಎರಡು ಗೊಂದಲಗಳು ನಿಲ್ಲುತ್ತವೆ. ಹಂಗಾಮಿನ ನಡುವೆ, ಮಾಲು ಲಾರಿಯಲ್ಲಿರುವಾಗ ಇದಕ್ಕೆ ಕೈಹಾಕುವುದು ತರವಲ್ಲ. ಹಿಂದಿನ ಹಂಗಾಮಿನ ಹಣ ಚುಕ್ತಾ ಆಗಿ, ಮುಂದಿನ ಚಾಟನಿ ಆರಂಭವಾಗುವ ಮುನ್ನ ದೊರೆಯುವ ಬಿಡುವಿನಲ್ಲಿ ಹಳೆಯ ಕಾಗದವನ್ನು ಹೊರತೆಗೆದು ಗೆರೆ ಎಳೆಯಲು ಕುಳಿತರೆ ಎರಡು ಸಂಜೆಗಳ ಕೆಲಸ.